ಕಂಡೆನ್ಸ್ಡ್ ಹಾಲಿನ ಕ್ಯಾರಮೆಲ್: ಮೊದಲು ಬಣ್ಣ, ಆಮೇಲೆ ಗಟ್ಟಿತನ

ಅರ್ಜೆಂಟೀನಾ ಮತ್ತು ಉರುಗ್ವೆಯವರು ಹಾಲು, ಸಕ್ಕರೆಗಳನ್ನು ಗಂಟೆಗಟ್ಟಲೆ ಕಾಯಿಸಿ ಮಾಡುವ ಕಂದು ಬಣ್ಣದ ಸಿಹಿಗೆ 'ದುಲ್ಸೆ ದೆ ಲೆಚೆ' ಎಂದು ಹೆಸರು. ಅದರ ನೇರ ಅರ್ಥ ಹಾಲಿನ ಸಿಹಿ. ಅದನ್ನು ಎರಡು ಮೆತ್ತನೆಯ ಬಿಸ್ಕತ್ತುಗಳ ನಡುವೆ ಸವರಿ ತಿನ್ನುವುದು ಅಲ್ಲಿಯ ರೂಢಿ. ನಮ್ಮ ದಾವಣಗೆರೆಯ ಬೇಕರಿಗಳಲ್ಲಿ ಸಿಗುವ, ಬಾಯಲ್ಲಿಟ್ಟರೆ ಪುಡಿಯಾಗುವ ಬೆಣ್ಣೆ ಬಿಸ್ಕತ್ತು ಈ ಕೆಲಸಕ್ಕೆ ಹೇಳಿ ಮಾಡಿಸಿದಂತಿರುವುದರಿಂದ ನಾನು ಇದನ್ನು ಮನೆಯಲ್ಲಿ ಮಾಡತೊಡಗಿದೆ. ಹಾಲನ್ನು ಮೊದಲಿನಿಂದ ಬತ್ತಿಸುವ ಬದಲು ಸಿಹಿ ಕಂಡೆನ್ಸ್ಡ್ ಹಾಲಿನ ಡಬ್ಬಿಯಿಂದ ಹೊರಟರೆ ಅರ್ಧ ದಾರಿ ಕ್ರಮಿಸಿದಂತೆಯೇ ಸರಿ. ಆದರೆ ಉಳಿದ ಅರ್ಧ ದಾರಿಯಲ್ಲಿ ಎರಡು ತೊಂದರೆಗಳು ಕಾದಿರುತ್ತವೆ: ಒಂದು ತಳ ಹಿಡಿದು ಸೀಯುವುದು, ಇನ್ನೊಂದು ತಣ್ಣಗಾದ ಮೇಲೆ ಮರಳು ಮರಳಾಗುವುದು.

ನನ್ನ ಮೊದಲ ಪ್ರಯತ್ನದಲ್ಲಿ ಇವೆರಡೂ ಒಟ್ಟಿಗೇ ಆದವು. ಡಬ್ಬಿಯ ಹಾಲನ್ನು ಬಾಣಲೆಗೆ ಸುರಿದು, ಸಣ್ಣ ಉರಿಯಲ್ಲಿ ಮಗುಚುತ್ತಾ, ಬಣ್ಣ ಬರಲೆಂದು ಮುಕ್ಕಾಲು ಗಂಟೆ ನಿಂತೆ. ಬಣ್ಣವೇನೋ ಬಂತು, ಆದರೆ ಅಷ್ಟರಲ್ಲಿ ತಳದಿಂದ ಎದ್ದ ಕಪ್ಪು ಚಕ್ಕೆಗಳು ಅಲ್ಲಲ್ಲಿ ತೇಲುತ್ತಿದ್ದವು. ಅವನ್ನು ಆರಿಸಿ ತೆಗೆದು, ಶೀಶೆಗೆ ತುಂಬಿ ಚಿತ್ರದುರ್ಗದಲ್ಲಿರುವ ಅಕ್ಕನ ಮನೆಗೆ ಒಯ್ದೆ. ನಾಲ್ಕು ದಿನದ ಮೇಲೆ ಅಕ್ಕ ಫೋನ್ ಮಾಡಿ, "ಏನು ಹಾಕೀಯಪ್ಪ ಇದಕ್ಕೆ, ಸಣ್ಣ ರವೆ ಬಿದ್ದಂಗೈತಲ್ಲ" ಎಂದಳು. ಆಗ ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ಆಮೇಲೆ ಮಾಡುತ್ತಾ ಹೋದಂತೆ ತಿಳಿದದ್ದೇನೆಂದರೆ, ಎರಡೂ ದೋಷಗಳ ಮೂಲ ಒಂದೇ ತಪ್ಪು ಎಣಿಕೆಯಲ್ಲಿದೆ. ಬಣ್ಣ ಬರಬೇಕಾದರೆ ನೀರು ಬತ್ತಬೇಕು ಎಂದು ನಾವು ಅಂದುಕೊಳ್ಳುತ್ತೇವೆ. ಬಣ್ಣಕ್ಕೆ ಬೇಕಾದದ್ದು ಬಿಸಿ ಮತ್ತು ಹೊತ್ತು. ನೀರು ಬತ್ತುವುದು ಬೇರೆಯದೇ ಕೆಲಸ. ಇವೆರಡನ್ನೂ ಬೇರ್ಪಡಿಸಿ, ಮೊದಲು ನೀರನ್ನು ಒಳಗೇ ಉಳಿಸಿಕೊಂಡು ಬಣ್ಣ ಬರಿಸಿ, ಆಮೇಲೆ ಬೇಕಿದ್ದಷ್ಟೇ ನೀರನ್ನು ಬಾಣಲೆಯಲ್ಲಿ ಬತ್ತಿಸಿದರೆ ಸೀಯುವುದೂ ಇಲ್ಲ, ರವೆಯಾಗುವುದೂ ಇಲ್ಲ.

ಬಣ್ಣ ಎಲ್ಲಿಂದ ಬರುತ್ತದೆ

ಬರಿಯ ಸಕ್ಕರೆಯನ್ನು ಬಾಣಲೆಯಲ್ಲಿ ಕರಗಿಸಿ ಕೆಂಪಗೆ ಮಾಡುವಾಗ ಅದರ ಬಿಸಿ 160 ಡಿಗ್ರಿಗಿಂತ ಮೇಲೇರಬೇಕಾಗುತ್ತದೆ. ಕಂಡೆನ್ಸ್ಡ್ ಹಾಲಿನಲ್ಲಿ ನೀರಿನ ಅಂಶ ಉಳಿದಿರುವವರೆಗೆ ಅದು ಆ ಮಟ್ಟವನ್ನು ಮುಟ್ಟುವುದೇ ಇಲ್ಲ. ಕುದಿಯುವಾಗಲೂ ಅದರ ಬಿಸಿ ನೂರನ್ನು ಕೆಲವೇ ಡಿಗ್ರಿ ದಾಟಿರುತ್ತದೆ. ಆದರೂ ಅದು ಕಂದಾಗುತ್ತದೆ, ಏಕೆಂದರೆ ಇಲ್ಲಿ ಬಣ್ಣ ಕಟ್ಟುವುದು ನಾವು ಹಾಕುವ ಸಕ್ಕರೆಯಲ್ಲ, ಹಾಲಿನಲ್ಲೇ ಇರುವ ಲ್ಯಾಕ್ಟೋಸ್ ಎಂಬ ಸಕ್ಕರೆ. ಅದು ಹಾಲಿನ ಪ್ರೋಟೀನಿನೊಡನೆ ಕೂಡಿ ನಿಧಾನವಾಗಿ ಕಂದು ಬಣ್ಣವನ್ನೂ ಆ ಪರಿಮಳವನ್ನೂ ಕೊಡುತ್ತದೆ. ಫ್ರಾನ್ಸಿನ ಲೂಯಿ ಕಮೀಲ್ ಮಯಾರ್ 1912ರಲ್ಲಿ ವಿವರಿಸಿದ ಈ ಕ್ರಿಯೆಗೆ ಅವರ ಹೆಸರೇ ನಿಂತಿದೆ. ಕಾವಲಿಯ ಮೇಲೆ ದೋಸೆ ಕೆಂಪಗಾಗುವುದೂ ಇದೇ ಕ್ರಿಯೆಯಿಂದ. ಇದು ನೂರು ಡಿಗ್ರಿಯ ಆಸುಪಾಸಿನಲ್ಲಿಯೂ ನಡೆಯುತ್ತದೆ, ಹೊತ್ತು ಮಾತ್ರ ಹೆಚ್ಚು ಬೇಕು.

ಹಾಗಾದರೆ ನೂರು ಡಿಗ್ರಿ ಮೀರದ ಬಿಸಿಯನ್ನು ಎರಡು ಮೂರು ಗಂಟೆ ಕೊಡುವ ಸುಲಭ ದಾರಿ ಯಾವುದು? ಕುದಿಯುವ ನೀರೇ. ದಾವಣಗೆರೆ ಸಮುದ್ರ ಮಟ್ಟದಿಂದ ಸುಮಾರು 600 ಮೀಟರ್ ಎತ್ತರದಲ್ಲಿರುವುದರಿಂದ ಇಲ್ಲಿ ನೀರು 98 ಡಿಗ್ರಿಯ ಹತ್ತಿರ ಕುದಿಯುತ್ತದೆ, ಚಿತ್ರದುರ್ಗದಲ್ಲಿ ಅದಕ್ಕಿಂತ ಕೂದಲೆಳೆಯಷ್ಟು ಕಡಿಮೆ. ಒಲೆಯನ್ನು ಎಷ್ಟೇ ಜೋರು ಮಾಡಿದರೂ ನೀರಿನ ಬಿಸಿ ಅಲ್ಲಿಂದ ಮೇಲೆ ಹೋಗುವುದಿಲ್ಲ. ಆ ನೀರಿನೊಳಗೆ ನಿಂತ ಪಾತ್ರೆಯ ತಳವೂ ಅದನ್ನು ಮೀರುವಂತಿಲ್ಲ. ಆದ್ದರಿಂದ ಅಲ್ಲಿ ಹಾಲು ಸೀಯುವುದಕ್ಕೆ ಅವಕಾಶವೇ ಇರುವುದಿಲ್ಲ. ನೇರ ಉರಿಯ ಮೇಲಿನ ಬಾಣಲೆಯ ಕಥೆ ಬೇರೆ: ತಳಕ್ಕೆ ಅಂಟಿದ ತೆಳು ಪದರದಲ್ಲಿ ನೀರು ಬತ್ತಿತೆಂದರೆ ಆ ಪದರದ ಬಿಸಿ ಕ್ಷಣಗಳಲ್ಲಿ ಏರಿ, ಮೇಲಿನ ಹಾಲು ಇನ್ನೂ ಬೆಳ್ಳಗಿರುವಾಗಲೇ ಕೆಳಗೆ ಕರಕಲಾಗಿರುತ್ತದೆ.

ಮುಚ್ಚಿದ ಡಬ್ಬಿಯನ್ನೇ ಕುದಿಯುವ ನೀರಿನಲ್ಲಿ ಮುಳುಗಿಸಿಡುವ ಪದ್ಧತಿ ಬಹಳ ಕಡೆ ಇದೆ. ಅದನ್ನು ನಾನು ಯಾರಿಗೂ ಹೇಳುವುದಿಲ್ಲ. ನೀರು ಬತ್ತಿ ಡಬ್ಬಿ ಬರಿದಾದ ಪಾತ್ರೆಯಲ್ಲಿ ಉಳಿದರೆ ಒಳಗಿನ ಒತ್ತಡಕ್ಕೆ ಅದು ಸಿಡಿಯಬಹುದು, ಸಿಡಿದರೆ ಮೈಮೇಲೆ ಬೀಳುವುದು ಅಂಟಿಕೊಳ್ಳುವ ಕುದಿ ಪಾಕ. ಬಳೆ ಹಿಡಿದು ಎಳೆದು ತೆರೆಯುವ ಮುಚ್ಚಳದ ಡಬ್ಬಿಗಳಂತೂ ಇನ್ನೂ ದುರ್ಬಲ. ಅದಲ್ಲದೆ, ಒಳಗೆ ಬಣ್ಣ ಎಲ್ಲಿಗೆ ಬಂತೆಂದು ನೋಡಲು ಬರುವುದಿಲ್ಲ, ಕಲಕಲೂ ಬರುವುದಿಲ್ಲ.

ಬೇಕಾದ ಸಾಮಾನು

400 ಗ್ರಾಂನ ಸಿಹಿ ಕಂಡೆನ್ಸ್ಡ್ ಹಾಲಿನ ಒಂದು ಡಬ್ಬಿ, ಒಂದು ದೊಡ್ಡ ಚಮಚ ದ್ರವ ಗ್ಲೂಕೋಸ್, ಕಾಲು ಚಮಚದ ಅರ್ಧದಷ್ಟು ಅಡುಗೆ ಸೋಡಾ, ಒಂದು ದೊಡ್ಡ ಚಮಚ ನೀರು, ಕೊನೆಗೆ ಒಂದು ಚಿಟಿಕೆ ಉಪ್ಪು. ದ್ರವ ಗ್ಲೂಕೋಸ್ ಕೇಕ್ ಸಾಮಾನು ಮಾರುವ ಅಂಗಡಿಗಳಲ್ಲಿ ಸಿಗುತ್ತದೆ. ಔಷಧಿ ಅಂಗಡಿಯ ಗ್ಲೂಕೋಸ್ ಪುಡಿ ಅದಕ್ಕೆ ಬದಲಿಯಲ್ಲ.

ಪಾತ್ರೆಗಳ ವಿಷಯದಲ್ಲಿ ಸ್ವಲ್ಪ ಗಮನ ಬೇಕು. ಹಾಲು ಹಾಕುವುದಕ್ಕೆ ಸರಿಯಾಗಿ ಕೂರುವ ಮುಚ್ಚಳವಿರುವ, ಅಗಲವಾದ ಸ್ಟೀಲ್ ಡಬ್ಬಿ ಆಗಬೇಕು. ಅದರಲ್ಲಿ ಹಾಲಿನ ಎತ್ತರ ಎರಡು ಬೆರಳನ್ನು ಮೀರಬಾರದು. ಕಿರಿದಾದ ಎತ್ತರದ ಡಬ್ಬಿಯಲ್ಲಿ ಅಂಚಿನ ಹಾಲು ಕಂದಾಗುವ ಹೊತ್ತಿಗೆ ನಡುವಿನದು ಇನ್ನೂ ಹಸಿಯಾಗಿರುತ್ತದೆ. ಆ ಡಬ್ಬಿ ಆರಾಮವಾಗಿ ಕೂರುವಷ್ಟು ದೊಡ್ಡ ತಪ್ಪಲೆ, ಅದಕ್ಕೊಂದು ತಟ್ಟೆ, ತಳಕ್ಕೆ ಹಾಸಲು ಮಡಿಸಿದ ಹತ್ತಿ ಬಟ್ಟೆಯ ತುಂಡು, ಚಪ್ಪಟೆ ಅಂಚಿನ ಸಿಲಿಕೋನ್ ಅಥವಾ ಮರದ ಸೌಟು, ಒಂದು ಅಡುಗೆ ತಕ್ಕಡಿ. ತಕ್ಕಡಿ ಇಲ್ಲದೆಯೂ ಮಾಡಬಹುದು, ಆದರೆ ಎರಡನೆಯ ಹಂತದಲ್ಲಿ ಕಣ್ಣಿಗಿಂತ ತಕ್ಕಡಿಯ ಮಾತು ನಂಬಿಕೆಯದು.

ಸೋಡಾ ಯಾಕೆ ಎಂಬುದನ್ನು ಇಲ್ಲೇ ಹೇಳುತ್ತೇನೆ. ಹಾಲು ಗಟ್ಟಿಯಾದಷ್ಟೂ ಅದರ ಹುಳಿಯ ಅಂಶವೂ ಒತ್ತಾಗುತ್ತದೆ. ಬಣ್ಣ ಕಟ್ಟುವಾಗಲೂ ಸ್ವಲ್ಪ ಹುಳಿ ಹುಟ್ಟುತ್ತದೆ. ಹುಳಿ ಹೆಚ್ಚಾದರೆ ದೀರ್ಘಕಾಲದ ಬಿಸಿಯಲ್ಲಿ ಪ್ರೋಟೀನ್ ಒಡೆದು ಸಣ್ಣ ಸಣ್ಣ ಗಿಣ್ಣಿನಂಥ ಕಣಗಳಾಗುತ್ತದೆ. ಸೋಡಾ ಆ ಹುಳಿಯನ್ನು ತಗ್ಗಿಸುತ್ತದೆ, ಜೊತೆಗೆ ಬಣ್ಣ ಬರುವುದನ್ನೂ ಬೇಗ ಮಾಡುತ್ತದೆ. ಹೇಳಿದ್ದಕ್ಕಿಂತ ಹೆಚ್ಚು ಹಾಕಿದರೆ ಸೋಪಿನ ರುಚಿ ಬರುತ್ತದೆ. ಸಕ್ಕರೆ ಪಾಕ ಹರಳುಗಟ್ಟದಿರಲೆಂದು ನಾಲ್ಕು ಹನಿ ನಿಂಬೆರಸ ಹಿಂಡುವ ನಮ್ಮ ಅಭ್ಯಾಸವನ್ನು ಇಲ್ಲಿ ಖಂಡಿತ ಮರೆಯಬೇಕು. ಇದು ಹಾಲು, ಒಡೆಯುತ್ತದೆ. ನಿಂಬೆಯ ಆ ಕೆಲಸವನ್ನು ಇಲ್ಲಿ ಗ್ಲೂಕೋಸ್ ಮಾಡುತ್ತದೆ.

ಮೊದಲನೆಯ ಹಂತ: ನೀರಿನ ನಡುವೆ ಬಣ್ಣ

ಖಾಲಿ ಸ್ಟೀಲ್ ಡಬ್ಬಿಯನ್ನೂ, ಎರಡನೆಯ ಹಂತದಲ್ಲಿ ಬಳಸುವ ಬಾಣಲೆಯನ್ನೂ ತೂಗಿ ಬರೆದಿಟ್ಟುಕೊಳ್ಳಿ. ಹಾಲನ್ನು ಡಬ್ಬಿಗೆ ಸುರಿದು, ಮೂಲ ಡಬ್ಬಿಯ ಗೋಡೆಗೆ ಅಂಟಿದ್ದನ್ನೂ ಬಳಿದು ಹಾಕಿ. ಸೋಡಾವನ್ನು ಒಂದು ಚಮಚ ಬಿಸಿನೀರಿನಲ್ಲಿ ಪೂರ್ತಿ ಕರಗಿಸಿ, ಗ್ಲೂಕೋಸಿನೊಡನೆ ಹಾಲಿಗೆ ಬೆರೆಸಿ. ಸೋಡಾವನ್ನು ಪುಡಿಯಾಗಿಯೇ ಉದುರಿಸಿದರೆ ಬಿದ್ದಲ್ಲಿ ಕಂದು ಚುಕ್ಕೆಗಳಾಗುತ್ತವೆ, ಅವನ್ನು ಸೀದ ಚಕ್ಕೆಗಳೆಂದು ಭ್ರಮಿಸಿ ಗಾಬರಿಯಾಗುವುದುಂಟು. ಹಾಲು ಬಿಸಿಯಾಗುವಾಗ ಸ್ವಲ್ಪ ನೊರೆ ಏಳುವುದರಿಂದ ಡಬ್ಬಿಯಲ್ಲಿ ಮೇಲೆ ಜಾಗವಿರಲಿ.

ತಪ್ಪಲೆಯ ತಳಕ್ಕೆ ಬಟ್ಟೆ ಹಾಸಿ, ಮುಚ್ಚಳ ಹಾಕಿದ ಡಬ್ಬಿಯನ್ನು ಅದರ ಮೇಲಿಡಿ. ಹೊರಗಿನ ನೀರು ಒಳಗಿನ ಹಾಲಿನ ಮಟ್ಟಕ್ಕಿಂತ ಒಂದು ಬೆರಳು ಮೇಲಿರಲಿ, ಡಬ್ಬಿ ತೇಲುವಷ್ಟು ಬೇಡ. ನೀರು ಕುದಿ ಬಂದ ಮೇಲೆ ಉರಿ ತಗ್ಗಿಸಿ, ಸಣ್ಣಗೆ ಕುದಿಯುತ್ತಲೇ ಇರುವಂತೆ ನೋಡಿಕೊಂಡು ತಪ್ಪಲೆಯ ಮೇಲೂ ತಟ್ಟೆ ಮುಚ್ಚಿ. ಬೋರ್‌ವೆಲ್ ನೀರು ಬಳಸುವ ಮನೆಗಳಲ್ಲಿ ಮೂರು ಗಂಟೆಯ ಕುದಿಗೆ ತಪ್ಪಲೆಯೊಳಗೆ ಬಿಳಿಯ ಉಪ್ಪಿನ ಪದರ ಕಟ್ಟುವುದು ಖಂಡಿತ. ನೀರಿಗೆ ಹಿಂಡಿದ ನಿಂಬೆಯ ಸಿಪ್ಪೆಯನ್ನೋ ಒಂದಿಷ್ಟು ಹುಣಸೆಯನ್ನೋ ಹಾಕಿದರೆ ಪಾತ್ರೆ ಉಜ್ಜುವ ಶ್ರಮ ತಪ್ಪುತ್ತದೆ. ಆ ನೀರು ಹಾಲಿಗೆ ಸಿಡಿಯದಂತೆ ಎಚ್ಚರವಿರಲಿ, ಅಷ್ಟೇ.

ಅರ್ಧ ಗಂಟೆಗೊಮ್ಮೆ ಮುಚ್ಚಳ ತೆಗೆದು, ತಳ ಮತ್ತು ಅಂಚಿನಿಂದ ಬಳಿದು ನಡುವಿಗೆ ತಂದು ಒಂದು ನಿಮಿಷ ಕಲಕಬೇಕು. ತಳ ಹಿಡಿಯುತ್ತದೆಂಬ ಭಯದಿಂದ ಅಲ್ಲ. ಗಟ್ಟಿ ಹಾಲು ತಾನಾಗಿ ಒಳಗೊಳಗೆ ಹರಿದಾಡುವುದಿಲ್ಲವಾದ್ದರಿಂದ ಅಂಚು ಮೊದಲು ಕಂದಾಗುತ್ತದೆ, ಬಣ್ಣ ಎಲ್ಲೆಡೆ ಸಮವಾಗಲೆಂದು. ಡಬ್ಬಿಯ ಗೋಡೆಗೆ ಹಾಲಿನ ಮಟ್ಟದ ಮೇಲೆ ಅಂಟಿ ಒಣಗುತ್ತಿರುವ ಪದರ ಕಂಡರೆ ಸೌಟನ್ನು ಬಿಸಿನೀರಿನಲ್ಲಿ ಅದ್ದಿ ಒರೆಸಿ ಹಾಲಿನೊಳಗೇ ಕರಗಿಸಿಬಿಡಿ. ಇದು ಸಣ್ಣ ಕೆಲಸವೆನಿಸಬಹುದು, ಆದರೆ ಆ ಪದರದಲ್ಲಿ ಸಕ್ಕರೆ ಆಗಲೇ ಹರಳುಗಟ್ಟಿರುತ್ತದೆ. ಕೊನೆಯಲ್ಲಿ ಅದೊಂದು ಚೂರು ಬಿದ್ದರೂ ಹೆಪ್ಪಿನಂತೆ ಕೆಲಸ ಮಾಡಿ ತನ್ನ ಸುತ್ತ ಹರಳು ಬೆಳೆಸುತ್ತದೆ. ಕಲಕುವಾಗಲೆಲ್ಲ ಹೊರಗಿನ ನೀರನ್ನೂ ನೋಡಿ, ಕಡಿಮೆಯಾಗಿದ್ದರೆ ಪಕ್ಕದ ಒಲೆಯಲ್ಲಿ ಕಾಯಿಸಿಟ್ಟ ಬಿಸಿನೀರನ್ನೇ ಸೇರಿಸಿ.

ಕಳೆದ ಭಾನುವಾರ ನಾನು ಮಾಡಿದ ಸಲದ ಲೆಕ್ಕ ಹೀಗಿತ್ತು. ಬೆಳಿಗ್ಗೆ ಹತ್ತಕ್ಕೆ ನೀರು ಕುದಿ ಬಂತು. ಹತ್ತೂವರೆಗೆ ಹಾಲು ತೆಳುವಾಗಿ ಹರಿಯುತ್ತಿತ್ತು, ಬಣ್ಣ ಬದಲಾಗಿರಲಿಲ್ಲ. ಹನ್ನೊಂದಕ್ಕೆ ಕೆನೆಯ ಬಣ್ಣ. ಹನ್ನೆರಡಕ್ಕೆ ಹಾಲು ಹೆಚ್ಚಾದ ಚಹಾದ ಬಣ್ಣ, ಜೊತೆಗೆ ಪೇಡೆ ಅಂಗಡಿಯ ಮುಂದೆ ಬರುವಂಥ ವಾಸನೆ. ಹನ್ನೆರಡೂವರೆಗೆ ಸೌಟಿನಿಂದ ಇಳಿಬಿಟ್ಟರೆ ಪಟ್ಟಿಯಂತೆ ಮಡಚಿಕೊಂಡು ಬೀಳುತ್ತಿತ್ತು, ಬಣ್ಣ ಜೋನಿಬೆಲ್ಲಕ್ಕೆ ಹತ್ತಿರವಾಗಿತ್ತು. ಅಲ್ಲಿಗೆ ನಿಲ್ಲಿಸಿದೆ. ಇನ್ನೂ ಗಾಢ ಬೇಕೆನ್ನುವವರು ಮತ್ತೆ ಅರ್ಧ ಮುಕ್ಕಾಲು ಗಂಟೆ ಬಿಡಬಹುದು. ನನಗೆ ಅದರಾಚೆಗೆ ಹಾಲಿನ ರುಚಿ ಹಿಂದೆ ಸರಿದು ಕಹಿಯ ನೆರಳು ಬರುತ್ತದೆ ಅನಿಸುತ್ತದೆ. ಗ್ಯಾಸ್ ಖರ್ಚಿನ ಬಗ್ಗೆ ಮನೆಯಲ್ಲಿ ಮಾತು ಬರುವುದು ಸಹಜ. ಎರಡು ಡಬ್ಬಿ ಹಾಲನ್ನು ಎರಡು ಪಾತ್ರೆಗಳಲ್ಲಿ ಒಂದೇ ತಪ್ಪಲೆಯಲ್ಲಿಟ್ಟರೆ ಅದೇ ಗ್ಯಾಸಿನಲ್ಲಿ ದುಪ್ಪಟ್ಟು ಕೆಲಸವಾಗುತ್ತದೆ.

ಪ್ರೆಷರ್ ಕುಕ್ಕರಿನಲ್ಲಿ ಬಿಸಿ 120 ಡಿಗ್ರಿಯವರೆಗೆ ಏರುವುದರಿಂದ ಇದೇ ಡಬ್ಬಿ ಮುಕ್ಕಾಲು ಗಂಟೆಯಲ್ಲಿ ಕಂದಾಗುತ್ತದೆ. ಆದರೆ ನಡುವೆ ಕಲಕಲಾಗದು, ಅಂಚು ಗಡ್ಡೆಗಟ್ಟುತ್ತದೆ, ಕೊನೆಗೆ ಮಿಕ್ಸಿಗೆ ಹಾಕಿ ನುಣ್ಣಗೆ ಮಾಡಬೇಕಾಗುತ್ತದೆ. ಆತುರವಿದ್ದವರಿಗೆ ಅದೂ ಒಂದು ದಾರಿ.

ಎರಡನೆಯ ಹಂತ: ಎಷ್ಟು ಬತ್ತಿಸಬೇಕು, ಎಲ್ಲಿ ನಿಲ್ಲಿಸಬೇಕು

ಬ್ರೆಡ್ಡಿಗೆ ಸವರಲು ಅಥವಾ ಐಸ್‌ಕ್ರೀಮಿನ ಮೇಲೆ ಸುರಿಯಲು ಈ ಹಂತ ಬೇಕಾಗಿಯೇ ಇಲ್ಲ. ಎರಡೂವರೆ ಗಂಟೆಯ ಬಿಸಿಗೆ ಪ್ರೋಟೀನ್ ತಾನೇ ಮಂದವಾಗಿರುತ್ತದೆ, ತಣ್ಣಗಾದ ಮೇಲೆ ಇನ್ನಷ್ಟು ಗಟ್ಟಿಯಾಗುತ್ತದೆ. ಬಿಸ್ಕತ್ತಿನ ನಡುವೆ ಇಟ್ಟಾಗ ಸೋರಿ ಹೊರಬರದಷ್ಟು ಗಟ್ಟಿ ಬೇಕಾದರೆ ಮಾತ್ರ ಬಾಣಲೆಗೆ ಹೋಗಬೇಕು. ಹೋಗುವಾಗಲೂ ಒಂದು ಮಿತಿ ಇದೆ, ಆ ಮಿತಿಯಲ್ಲಿಯೇ ರವೆಯಾಗುವ ಗುಟ್ಟು ಅಡಗಿದೆ.

400 ಗ್ರಾಂ ಕಂಡೆನ್ಸ್ಡ್ ಹಾಲಿನಲ್ಲಿ ಸುಮಾರು 170 ಗ್ರಾಂ ಸಕ್ಕರೆಯೂ ನೂರು ಗ್ರಾಮಿಗೆ ತುಸು ಮೇಲ್ಪಟ್ಟು ನೀರೂ ಇರುತ್ತವೆ. ಸಾಧಾರಣ ಕೋಣೆಯ ಬಿಸಿಯಲ್ಲಿ ಒಂದು ಗ್ರಾಂ ನೀರು ಎರಡು ಗ್ರಾಂನಷ್ಟು ಸಕ್ಕರೆಯನ್ನು ಕರಗಿಸಿಟ್ಟುಕೊಳ್ಳಬಲ್ಲದು. ಅಂದರೆ ನೀರು 85 ಗ್ರಾಮಿನವರೆಗೆ ಇಳಿದರೂ ಸಕ್ಕರೆ ಕರಗಿಯೇ ಇರುತ್ತದೆ, ಅದಕ್ಕಿಂತ ಕೆಳಗಿಳಿದರೆ ಹೆಚ್ಚಾದ ಸಕ್ಕರೆಗೆ ನೀರಿನಲ್ಲಿ ಜಾಗವಿಲ್ಲ. ಬಿಸಿಯಿರುವಾಗ ಅದು ತಿಳಿಯುವುದಿಲ್ಲ. ತಣ್ಣಗಾದ ಮೇಲೆ, ಕೆಲವೊಮ್ಮೆ ದಿನಗಳ ನಂತರ, ಹರಳಾಗಿ ಹೊರಬೀಳುತ್ತದೆ. ಇದರ ಜೊತೆಗೆ ಹಾಲಿನ ಲ್ಯಾಕ್ಟೋಸ್ ಇನ್ನೂ ಹಟಮಾರಿ, ಅದು ತಣ್ಣನೆಯ ನೀರಿನಲ್ಲಿ ಸಕ್ಕರೆಯ ಹತ್ತನೆಯ ಒಂದು ಭಾಗದಷ್ಟು ಕರಗುವುದೂ ಕಷ್ಟ. ಡಬ್ಬಿಯ ಹಾಲಿನಲ್ಲಿಯೇ ಅದು ಹರಳಾಗಿರುತ್ತದೆ. ಆದರೆ ಕಾರ್ಖಾನೆಯಲ್ಲಿ ಬೇಕೆಂದೇ ಲ್ಯಾಕ್ಟೋಸಿನ ನುಣುಪಾದ ಪುಡಿಯನ್ನು ಹೆಪ್ಪಿನಂತೆ ಬೆರೆಸಿ, ಹರಳುಗಳು ನಾಲಿಗೆಗೆ ಸಿಗದಷ್ಟು ಸಣ್ಣವಾಗಿ ಉಳಿಯುವಂತೆ ಮಾಡಿರುತ್ತಾರೆ. ನಾವು ಕಾಯಿಸಿದಾಗ ಆ ಸಣ್ಣ ಹರಳುಗಳು ಕರಗಿಹೋಗುತ್ತವೆ; ಮತ್ತೆ ನಿಧಾನವಾಗಿ ತಣಿದಾಗ ಹುಟ್ಟುವವು ಕಡಿಮೆ ಸಂಖ್ಯೆಯ, ದೊಡ್ಡ ಗಾತ್ರದ ಹರಳುಗಳು. ಅಕ್ಕ ರವೆ ಎಂದದ್ದು ಇವನ್ನೇ. ಪೇಡೆಯಲ್ಲಿ ಈ ಹರಳೇ ಗುಣ, ಕ್ಯಾರಮೆಲಿನಲ್ಲಿ ಇದೇ ದೋಷ.

ಈಗ ಲೆಕ್ಕ. ಹಾಲು, ಗ್ಲೂಕೋಸ್, ಸೋಡಾದ ನೀರು ಸೇರಿ ಮೊದಲಿಗೆ 435 ಗ್ರಾಂ ಇತ್ತು. ಬಣ್ಣ ಬಂದ ಮೇಲೆ ತೂಗಿದಾಗ 425 ಗ್ರಾಂ. ಮುಚ್ಚಳ ತೆಗೆದು ಕಲಕಿದಾಗಲೆಲ್ಲ ಹೋದ ಹಬೆ ಹತ್ತು ಗ್ರಾಂ. ಒಳಗೆ ಆಗ ನೀರು ಸುಮಾರು 115 ಗ್ರಾಂ ಉಳಿದಿರಬೇಕು. ಅದನ್ನು 85ರ ಮೇಲೆಯೇ ನಿಲ್ಲಿಸಬೇಕೆಂದರೆ ಗರಿಷ್ಠ 30 ಗ್ರಾಂ ಬತ್ತಿಸಬಹುದು. ನಾನು 25ಕ್ಕೆ ನಿಲ್ಲಿಸಿದೆ, ಕೊನೆಯ ತೂಕ ಸರಿಯಾಗಿ 400. ನೆನಪಿಡಲು ಇದು ಸುಲಭದ ಗುರುತು: ಗ್ಲೂಕೋಸ್ ಸೇರಿಯೂ ಕೊನೆಯ ತೂಕ ಮೂಲ ಡಬ್ಬಿಯ ಹಾಲಿನ ತೂಕಕ್ಕಿಂತ ಕೆಳಗಿಳಿಯದಿರಲಿ. ಬಾಣಲೆಯಲ್ಲಿ ಮುಕ್ಕಾಲು ಗಂಟೆ ಮಗುಚಿದ ನನ್ನ ಮೊದಲ ಪ್ರಯತ್ನದಲ್ಲಿ ಎಷ್ಟು ನೀರು ಹೋಗಿತ್ತೋ, ಅದು ಆಗ ಹೊಳೆದಿರಲಿಲ್ಲ.

ಬತ್ತಿಸುವ ಕೆಲಸ ಏಳೆಂಟು ನಿಮಿಷದ್ದು. ದಪ್ಪ ತಳದ ಅಗಲ ಬಾಣಲೆ, ನಾನ್‌ಸ್ಟಿಕ್ ಇದ್ದರೆ ಇನ್ನೂ ಒಳ್ಳೆಯದು, ಅತಿ ಸಣ್ಣ ಉರಿ. ಸೌಟಿನ ಚಪ್ಪಟೆ ಅಂಚನ್ನು ತಳಕ್ಕೆ ಒತ್ತಿ, ಒಂದು ಬದಿಯಿಂದ ಇನ್ನೊಂದಕ್ಕೆ ಗದ್ದೆ ಉಳುವಂತೆ ಸಾಲು ಸಾಲಾಗಿ ಎಳೆಯಿರಿ, ತಳ ಮತ್ತು ಗೋಡೆ ಕೂಡುವ ಮೂಲೆಯನ್ನು ಸುತ್ತ ಬಳಿಯುವುದನ್ನು ಮರೆಯಬೇಡಿ. ಸುಮ್ಮನೆ ವೃತ್ತದಲ್ಲಿ ತಿರುವಿದರೆ ನಡುಭಾಗ ಮುಟ್ಟದೇ ಉಳಿಯುತ್ತದೆ, ಉರಿ ಬೀಳುವುದೂ ಅಲ್ಲೇ. ಕಡಿಮೆ ಮಟ್ಟದಲ್ಲಿಟ್ಟರೂ ಕೆಲವು ಇಂಡಕ್ಷನ್ ಒಲೆಗಳು ಬಿಸಿಯನ್ನು ತಗ್ಗಿಸುವ ಬದಲು ಪೂರ್ತಿ ಉರಿಸಿ ಆರಿಸಿ ಮಾಡುತ್ತಿರುತ್ತವೆ. ಅಂಥದರಲ್ಲಿ ಈ ಹಂತವನ್ನು ಮಾಡದಿರುವುದೇ ಮೇಲು.

ಸೀಯುವ ಮುನ್ಸೂಚನೆ ವಾಸನೆಗಿಂತ ಮೊದಲು ಕೈಗೆ ಸಿಗುತ್ತದೆ. ನುಣ್ಣಗೆ ಜಾರುತ್ತಿದ್ದ ಸೌಟಿಗೆ ತಳದಲ್ಲಿ ಒಂದು ಕಡೆ ತಡೆದಂತೆ, ಒರಟಾದಂತೆ ಅನಿಸಿದರೆ ಅಲ್ಲಿ ಪದರ ಕಟ್ಟಿತೆಂದೇ ತಿಳಿಯಿರಿ. ಆಗ ಆ ಜಾಗವನ್ನು ಕೆರೆಯಬಾರದು. ನಮ್ಮ ಕೈ ಮಾತ್ರ ಕೆರೆಯಲೇ ಹೋಗುತ್ತದೆ, ಹಾಗೆ ಮಾಡಿದರೆ ಕಂದು ಚೂರುಗಳೆಲ್ಲ ಮೇಲೆದ್ದು ಇಡೀ ಪಾಕಕ್ಕೆ ಕಮಟು ಹತ್ತುತ್ತದೆ. ಒಲೆ ಆರಿಸಿ, ತಳ ಮುಟ್ಟದೆ ಮೇಲಿನದನ್ನು ಬೇರೆ ಪಾತ್ರೆಗೆ ಬಗ್ಗಿಸಿ, ರುಚಿ ನೋಡಿ. ಕಮಟು ಇಲ್ಲದಿದ್ದರೆ ಶುದ್ಧ ಬಾಣಲೆಯಲ್ಲಿ ಮುಂದುವರಿಸಬಹುದು. ಕಹಿ ಹಿಡಿದಿದ್ದರೆ ಏಲಕ್ಕಿಯಾಗಲಿ ಕಾಫಿಯಾಗಲಿ ಅದನ್ನು ಮುಚ್ಚುವುದಿಲ್ಲ.

ತೂಕ ಮುಟ್ಟಿದೊಡನೆ ಇಳಿಸಿ. ಬಾಣಲೆಯಲ್ಲಿ ಅದು ಇನ್ನೂ ಸಡಿಲವಾಗಿಯೇ ಕಾಣುತ್ತದೆ, ಆಸೆಪಟ್ಟು ಇನ್ನೆರಡು ನಿಮಿಷ ಇಡಬಾರದು. ತಕ್ಕಡಿ ಇಲ್ಲದವರು ಒಂದು ಸ್ಟೀಲ್ ತಟ್ಟೆಯನ್ನು ಫ್ರಿಜ್ಜಿನಲ್ಲಿಟ್ಟಿದ್ದು, ಅದರ ಮೇಲೆ ಅರ್ಧ ಚಮಚ ಹಾಕಿ ಒಂದು ನಿಮಿಷ ಬಿಟ್ಟು ಬೆರಳಿನಿಂದ ಗೆರೆ ಎಳೆಯಲಿ. ಗೆರೆ ನಿಧಾನವಾಗಿ ಅರ್ಧ ಮುಚ್ಚಿಕೊಂಡರೆ ಸಾಕು. ಗೆರೆ ಕಲ್ಲಿನಲ್ಲಿ ಕೊರೆದಂತೆ ನಿಂತರೆ ಹದ ಮೀರಿದೆ. ಒಂದು ಚಮಚ ಬಿಸಿ ಹಾಲು ಬೆರೆಸಿ ಹಿಂದಕ್ಕೆ ತನ್ನಿ. ಉಪ್ಪು ಈಗ ಹಾಕಬೇಕು.

ತಣಿಸುವುದು

ನಿಧಾನವಾಗಿ ತಣಿದಷ್ಟೂ ಹರಳು ದೊಡ್ಡದಾಗುತ್ತದೆ ಎಂದು ಮೇಲೆ ಹೇಳಿದೆ. ಮಾರ್ಚ್ ಏಪ್ರಿಲ್‌ನಲ್ಲಿ ನಮ್ಮ ಅಡುಗೆಮನೆಗಳಲ್ಲಿ ಬಿಸಿ ಪಾತ್ರೆ ಒಲೆಯ ಮೇಲೆಯೇ ಉಳಿದರೆ ಸಂಜೆಯವರೆಗೂ ಬೆಚ್ಚಗಿರುತ್ತದೆ, ಆದ್ದರಿಂದ ಅದನ್ನು ಹಾಗೆ ಬಿಡಬಾರದು. ಅಗಲ ಪಾತ್ರೆಯಲ್ಲಿ ತಣ್ಣೀರು ತುಂಬಿ, ಕ್ಯಾರಮೆಲ್ ಇರುವ ಪಾತ್ರೆಯನ್ನು ಅದರಲ್ಲಿಟ್ಟು, ಬೆರಳಿಗೆ ಬಿಸಿ ತಾಕಿದರೂ ಸಹಿಸಬಹುದು ಅನ್ನುವ ಮಟ್ಟದವರೆಗೆ ಮೆಲ್ಲಗೆ ಕಲಕುತ್ತಿರಿ. ಐದಾರು ನಿಮಿಷ ಹಿಡಿಯುತ್ತದೆ. ಕಲಕುವುದರಿಂದ ಮೇಲೆ ಕೆನೆಪದರ ಕಟ್ಟುವುದೂ ತಪ್ಪುತ್ತದೆ. ಅಲ್ಲಿಂದ ಮುಂದೆ ಕಲಕಬೇಡಿ. ಬಿಸಿನೀರಿನಲ್ಲಿ ತೊಳೆದು ಪೂರ್ತಿ ಒಣಗಿಸಿದ ಗಾಜಿನ ಶೀಶೆಗೆ ಸುರಿಯಿರಿ. ಗೋಡೆಗೆ ಅಂಟಿ ಒಣಗಿದ್ದನ್ನು ಶೀಶೆಗೆ ಬಳಿಯಬೇಡಿ, ಅದನ್ನು ಮಕ್ಕಳಿಗೆ ನೆಕ್ಕಲು ಬಿಡಿ. ಉಗುರುಬೆಚ್ಚಗಾದ ಮೇಲೆ ಮುಚ್ಚಳ ಹಾಕಿ ಫ್ರಿಜ್ಜಿನಲ್ಲಿಡಿ. ಬಿಸಿಯಿರುವಾಗಲೇ ಮುಚ್ಚಿದರೆ ಮುಚ್ಚಳದ ಹನಿ ಬಿದ್ದು ಮೇಲ್ಭಾಗ ನೀರಾಗಿ ಬೂಸಲು ಹಿಡಿಯಬಹುದು. ಎರಡು ವಾರದೊಳಗೆ ಮುಗಿಸುವಷ್ಟನ್ನೇ ಒಮ್ಮೆಗೆ ಮಾಡುವುದು ಒಳ್ಳೆಯದು. ಲ್ಯಾಕ್ಟೋಸ್ ಹರಳುಗಟ್ಟುವುದನ್ನು ತಡಮಾಡಬಹುದೇ ಹೊರತು ಶಾಶ್ವತವಾಗಿ ತಡೆಯಲಾಗದು.

ರವೆಯಾಗಿಬಿಟ್ಟರೆ

ಮೊದಲು ಅದು ಯಾವ ರವೆ ಎಂದು ತಿಳಿಯಬೇಕು. ಒಂದು ಚಮಚವನ್ನು ಲೋಟದ ಬಿಸಿನೀರಿಗೆ ಹಾಕಿ ಕಲಕಿ ಎರಡು ನಿಮಿಷ ಬಿಡಿ. ಕಣಗಳು ಕಾಣೆಯಾದರೆ ಅವು ಸಕ್ಕರೆಯ ಅಥವಾ ಲ್ಯಾಕ್ಟೋಸಿನ ಹರಳುಗಳು. ಬಾಯಲ್ಲಿಟ್ಟಾಗಲೂ ಇವು ಹಲ್ಲಿಗೆ ಗಟ್ಟಿಯಾಗಿ ಸಿಕ್ಕಿ ಆಮೇಲೆ ಕರಗುತ್ತವೆ, ಮತ್ತು ಮಾಡಿದ ದಿನ ಇರುವುದಿಲ್ಲ, ಮೂರನೆಯ ನಾಲ್ಕನೆಯ ದಿನ ಕಾಣಿಸಿಕೊಳ್ಳುತ್ತವೆ. ಕಣಗಳು ಲೋಟದ ತಳದಲ್ಲಿ ಮೆತ್ತಗೆ ಉಳಿದರೆ ಅದು ಒಡೆದ ಪ್ರೋಟೀನ್. ಅದು ಒಲೆಯ ಮೇಲಿರುವಾಗಲೇ ಕಂಡಿರುತ್ತದೆ, ಸೋಡಾ ಮರೆತಾಗ ಅಥವಾ ಉರಿ ಹೆಚ್ಚಾದಾಗ ಆಗುವಂಥದು.

ಪ್ರೋಟೀನ್ ಕಣಗಳನ್ನು ಎಷ್ಟು ಕಾಯಿಸಿದರೂ ಕರಗಿಸಲಾಗದು. ಬೆಚ್ಚಗಿರುವಾಗ ಮಿಕ್ಸಿಯಲ್ಲಿ ಒಂದು ನಿಮಿಷ ತಿರುವಿ, ಸಣ್ಣ ಜರಡಿಯಲ್ಲಿ ಸೋಸಿದರೆ ನಾಲಿಗೆಗೆ ತಿಳಿಯದಷ್ಟು ನುಣ್ಣಗಾಗುತ್ತದೆ. ಹರಳಿನ ರವೆಗೆ ಮಿಕ್ಸಿ ಕೆಲಸಕ್ಕೆ ಬಾರದು. ಅದಕ್ಕೆ ಕಳೆದುಕೊಂಡ ನೀರನ್ನೇ ಮರಳಿ ಕೊಡಬೇಕು. ಶೀಶೆಯಲ್ಲಿರುವುದನ್ನೆಲ್ಲ ಸ್ಟೀಲ್ ಡಬ್ಬಿಗೆ ಹಾಕಿ, ಎರಡು ದೊಡ್ಡ ಚಮಚ ಬಿಸಿ ಹಾಲು ಸೇರಿಸಿ, ಮುಚ್ಚಳ ಮುಚ್ಚಿ ಮತ್ತೆ ಕುದಿಯುವ ನೀರಿನಲ್ಲಿ ಇಪ್ಪತ್ತು ನಿಮಿಷ ಇಡಿ. ಎರಡು ಬೆರಳಿನ ನಡುವೆ ಉಜ್ಜಿದಾಗ ಒರಟು ಸ್ವಲ್ಪವೂ ಸಿಗದಿರುವವರೆಗೆ ಬಿಡಬೇಕು, ಏಕೆಂದರೆ ಉಳಿದ ಒಂದೆರಡು ಹರಳೇ ಮತ್ತೆ ಹೆಪ್ಪಾಗುತ್ತವೆ. ಆಮೇಲೆ ಹಿಂದಿನಂತೆಯೇ ತಣ್ಣೀರಿನಲ್ಲಿ ಬೇಗ ತಣಿಸಿ, ಹಳೆಯ ಶೀಶೆಯನ್ನು ತೊಳೆಯದೆ ಅದಕ್ಕೇ ಮರಳಿ ತುಂಬದೆ, ಬೇರೆ ಶೀಶೆಗೆ ಹಾಕಿ. ಅಕ್ಕನಿಗೆ ಫೋನಿನಲ್ಲಿ ಇಷ್ಟನ್ನು ಹೇಳಿ ಮಾಡಿಸಿದಾಗ ರವೆ ಹೋಯಿತು, ಪಾಕ ಮಾತ್ರ ಸ್ವಲ್ಪ ಸಡಿಲವಾಯಿತು. ಬಿಸ್ಕತ್ತಿನಿಂದ ಸೋರಿದ್ದರಿಂದ ಅದನ್ನು ಮಕ್ಕಳ ದೋಸೆಗೆ ಸವರಿ ಮುಗಿಸಿದಳಂತೆ.